ತಿರುವುಮುರುವಾದ ಮುಳ್ಳು

1879ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಎಡ್ವಿನ್ ಹಾಲ್, ಮ್ಯಾಕ್ಸ್‌ವೆಲ್ಲನ ವಿದ್ಯುತ್ತು-ಕಾಂತತ್ವಗಳ ಮಹಾಗ್ರಂಥವನ್ನು ಓದುತ್ತ ಒಂದು ವಾಕ್ಯದ ಬಳಿ ತಡೆದು ನಿಂತ. ಕಾಂತದ ಬಲ ತಂತಿಯನ್ನು ತಳ್ಳುತ್ತದೆಯೇ ಹೊರತು ಅದರೊಳಗೆ ಹರಿಯುವ ವಿದ್ಯುತ್ ಪ್ರವಾಹವನ್ನಲ್ಲ ಎಂಬುದು ಅದರ ಅಭಿಪ್ರಾಯ. ಹಾಲ್‌ಗೆ ಇದು ಸರಿಕಾಣಲಿಲ್ಲ. ಪ್ರವಾಹವಿಲ್ಲದ ತಂತಿಯನ್ನು ಕಾಂತ ಅಲುಗಿಸದು. ಪ್ರವಾಹ ಹೆಚ್ಚಿದಷ್ಟೂ ಬಲವೂ ಹೆಚ್ಚುತ್ತದೆ. ಹಾಗಿದ್ದಮೇಲೆ ತಳ್ಳಿಸಿಕೊಳ್ಳುವುದು ಪ್ರವಾಹವೇ ಇರಬೇಕಲ್ಲವೇ? ಗುರು ಹೆನ್ರಿ ರೋಲೆಂಡನಿಗೂ ಅದೇ ಸಂಶಯವಿತ್ತು.

ಪ್ರವಾಹ ಒಂದು ಅಂಚಿಗೆ ಒತ್ತರಿಸಲ್ಪಟ್ಟರೆ ಎರಡು ಅಂಚುಗಳ ನಡುವೆ ವಿದ್ಯುದ್ವಿಭವದ ವ್ಯತ್ಯಾಸ ಕಾಣಬೇಕು. ಹಾಲ್ ಗಾಜಿನ ಮೇಲೆ ಚಿನ್ನದ ರೇಕನ್ನು ಅಂಟಿಸಿ, ಉದ್ದಕ್ಕೆ ಪ್ರವಾಹ ಹರಿಸಿ, ಕಾಂತದ ಧ್ರುವಗಳ ನಡುವೆ ಇರಿಸಿ, ಅಡ್ಡಕ್ಕೆ ಗ್ಯಾಲ್ವನೋಮೀಟರನ್ನು ಜೋಡಿಸಿದ. ಆ ವರ್ಷದ ಅಕ್ಟೋಬರ್ ಕೊನೆಯಲ್ಲಿ ಅದು ಸ್ಪಷ್ಟವಾಗಿ ಓಲಿತು. ನವೆಂಬರ್ 5ರಂದು ಮ್ಯಾಕ್ಸ್‌ವೆಲ್ ತೀರಿಕೊಂಡ. ಎಲೆಕ್ಟ್ರಾನ್ ಬೆಳಕಿಗೆ ಬರಲು ಇನ್ನೂ 18 ವರ್ಷಗಳಿದ್ದವು.

ಮರುವರ್ಷವೇ ಒಗಟೊಂದು ಎದುರಾಯಿತು. ಚಿನ್ನದ ಬದಲು ಕಬ್ಬಿಣವನ್ನಿಟ್ಟಾಗ ಮುಳ್ಳು ವಿರುದ್ಧ ದಿಕ್ಕಿಗೆ ವಾಲಿತು. ಕಬ್ಬಿಣದ ವಿಷಯದಲ್ಲಿ ಅದರದೇ ಕಾಂತತ್ವವನ್ನು ದೂರಬಹುದು. ಆದರೆ ಅಂಥ ನೆಪವೇ ಇಲ್ಲದ ಸತುವೂ ಹಾಗೆಯೇ ವರ್ತಿಸಿತು.

ದಿಕ್ಕಿಗೆ ಇಷ್ಟು ಮಹತ್ವವೇಕೆ? ಪ್ರವಾಹ ಎಡದಿಂದ ಬಲಕ್ಕೆ ಹರಿಯುತ್ತಿದೆಯೆನ್ನೋಣ. ವಾಹಕ ಕಣಗಳು ಧನವಾದರೆ ಅವು ಬಲಕ್ಕೆ ಚಲಿಸುತ್ತವೆ, ಋಣವಾದರೆ ಎಡಕ್ಕೆ. ಆವೇಶವೂ ಚಲನೆಯೂ ಒಟ್ಟಿಗೆ ತಿರುಗಿದ್ದರಿಂದ ಕಾಂತ ಎರಡನ್ನೂ ಒಂದೇ ಅಂಚಿಗೆ ದೂಡುತ್ತದೆ. ಹೀಗಾಗಿ ಆ ಅಂಚು ಧನವಾಯಿತೋ ಋಣವಾಯಿತೋ ಎಂಬುದೇ ಹರಿಯುತ್ತಿರುವುದು ಯಾವುದೆಂದು ಹೇಳಿಬಿಡುತ್ತದೆ. ಸತುವಿನಲ್ಲಿ ಅದು ಧನವೆಂದಿತು. ಲೋಹದಲ್ಲಿ ಹರಿಯುವುದು ಎಲೆಕ್ಟ್ರಾನುಗಳೇ ಆದರೆ ಈ ಉತ್ತರ ಬರಬಾರದು.

ಬಿಡಿಸಿದವನು 1929ರಲ್ಲಿ ರುಡಾಲ್ಫ್ ಪೈಯರ್ಲ್ಸ್. ಕಿಕ್ಕಿರಿದ ಸಭಾಂಗಣದಲ್ಲಿ ಒಬ್ಬೊಬ್ಬರೂ ಪಕ್ಕದ ಕುರ್ಚಿಗೆ ಸರಿದರೆ ಖಾಲಿ ಕುರ್ಚಿ ಎದುರು ದಿಕ್ಕಿಗೆ ಸಾಗಿದಂತೆ ಕಾಣುತ್ತದೆ ಎಂಬ ಹೋಲಿಕೆಯನ್ನು ಪಠ್ಯಗಳು ಕೊಡುತ್ತವೆ. ಅದಷ್ಟೇ ಸಾಲದು: ಸರಿಯುತ್ತಿರುವವರು ಸಾಮಾನ್ಯ ಎಲೆಕ್ಟ್ರಾನುಗಳೇ ಆಗಿದ್ದರೆ ಅಂಚು ಋಣವಾಗಿಯೇ ಇರುತ್ತಿತ್ತು. ಸ್ಫಟಿಕದೊಳಗೆ ಎಲೆಕ್ಟ್ರಾನುಗಳಿಗೆ ದೊರೆಯುವ ಶಕ್ತಿಪಟ್ಟಿ ಬಹುಪಾಲು ತುಂಬಿದಾಗ, ಮೇಲ್ತುದಿಯ ಎಲೆಕ್ಟ್ರಾನುಗಳು ಹೊರಗಿನ ಬಲಕ್ಕೆ ತಿರುವುಮುರುವಾಗಿ ಸ್ಪಂದಿಸುತ್ತವೆ. ಆಗ ಪಟ್ಟಿಯಲ್ಲಿ ಉಳಿದ ತೆರವು ನಿಜವಾದ ಧನಕಣದಂತೆಯೇ ನಡೆದುಕೊಳ್ಳುತ್ತದೆ. ಇದನ್ನೇ ಇಂದು ರಂಧ್ರ ಎನ್ನುತ್ತೇವೆ.

ಈ ಅರಿವು ಕೈಗೂಡಿದ್ದು ಅರೆವಾಹಕಗಳಲ್ಲಿ. ಬೋರಾನ್ ಬೆರೆಸಿದ ಸಿಲಿಕಾನ್ ಬಿಲ್ಲೆಯೊಂದನ್ನು ಲೆಕ್ಕಕ್ಕೆ ಊಹಿಸೋಣ: ಅಗಲ 4 ಮಿಲಿಮೀಟರ್, ದಪ್ಪ ಅರ್ಧ ಮಿಲಿಮೀಟರ್, ಪ್ರವಾಹ 1 ಮಿಲಿಆಂಪಿಯರ್, ಕಾಂತಕ್ಷೇತ್ರ ಅರ್ಧ ಟೆಸ್ಲಾ. ಅಡ್ಡಕ್ಕೆ ಅಳೆದರೆ 1.375 ಮಿಲಿವೋಲ್ಟ್ ಬಂದಿತೆನ್ನಿ. ಇದನ್ನೇ ನಂಬುವಂತಿಲ್ಲ. ಎದುರುಬದುರಿನ ಎರಡು ಸಂಪರ್ಕಗಳು ಕೂದಲೆಳೆಯಷ್ಟು ಆಚೀಚೆಯಾದರೂ ಉದ್ದಕ್ಕಿರುವ ವೋಲ್ಟೇಜಿನ ಒಂದು ತುಣುಕು ಬಂದು ಸೇರುತ್ತದೆ. ಪರಿಹಾರ ಸರಳ: ಕಾಂತವನ್ನು ತಿರುಗಿಸಿ ಮತ್ತೆ ಅಳೆಯಬೇಕು. ಈ ಸಲ 0.125 ಬಂದರೆ, ಎರಡರ ವ್ಯತ್ಯಾಸದ ಅರ್ಧ 0.625 ಮಿಲಿವೋಲ್ಟ್ ಹಾಲ್ ವೋಲ್ಟೇಜು; ಕಾಂತದೊಡನೆ ತಿರುಗದೆ ಉಳಿದ 0.75 ಸಂಪರ್ಕಗಳ ದೋಷ. ದೋಷವೇ ಫಲಕ್ಕಿಂತ ದೊಡ್ಡದು!

ಇನ್ನು ಕಣಗಳ ಎಣಿಕೆ. ಕಣಗಳು ಕಡಿಮೆಯಿದ್ದಷ್ಟೂ ಅದೇ ಪ್ರವಾಹವನ್ನು ಹೊರಲು ಅವು ವೇಗವಾಗಿ ಓಡಬೇಕು. ಓಟ ಹೆಚ್ಚಿದರೆ ಅಡ್ಡ ತಳ್ಳಿಕೆಯೂ ಹೆಚ್ಚು. ಪ್ರವಾಹ ಮತ್ತು ಕ್ಷೇತ್ರಗಳ ಗುಣಲಬ್ಧವನ್ನು ಹಾಲ್ ವೋಲ್ಟೇಜು, ದಪ್ಪ, ಎಲೆಕ್ಟ್ರಾನಿನ ಆವೇಶ ಇವುಗಳ ಗುಣಲಬ್ಧದಿಂದ ಭಾಗಿಸಿದರೆ, ಘನ ಸೆಂಟಿಮೀಟರಿಗೆ 10¹⁶ ರಂಧ್ರಗಳೆಂದು ಬರುತ್ತದೆ. ಇದೇ ಅಳತೆಯ ಚಿನ್ನದ ತುಂಡಿನಲ್ಲಿ ಸಿಗುವುದು ವೋಲ್ಟಿನ ನೂರು ಕೋಟಿಯಲ್ಲೊಂದು ಭಾಗದ ಹತ್ತನೆಯ ಒಂದರಷ್ಟು. ಹಾಲ್ ತೆಳುರೇಕನ್ನು ಆರಿಸಿದ್ದೇಕೆಂಬುದು ಇಲ್ಲಿ ತಿಳಿಯುತ್ತದೆ.

ಕೊನೆಯದು ಚಲನಶೀಲತೆ, ಎಂದರೆ ತಳ್ಳಿದಾಗ ಕಣ ಎಷ್ಟು ಸಲೀಸಾಗಿ ಸಾಗುತ್ತದೆ ಎಂಬುದು. ಇದಕ್ಕೆ ಕಾಂತವಿಲ್ಲದೆ ಉದ್ದಕ್ಕೂ ಅಳೆಯಬೇಕು. 8 ಮಿಲಿಮೀಟರ್ ಅಂತರದಲ್ಲಿ 60 ಮಿಲಿವೋಲ್ಟ್ ಸಿಕ್ಕರೆ ನಿರೋಧಕತೆ 1.5 ಓಮ್-ಸೆಂಟಿಮೀಟರ್. ಕಣಗಳ ಎಣಿಕೆ ಈಗಾಗಲೇ ಗೊತ್ತಿರುವುದರಿಂದ ಚಲನಶೀಲತೆ ವೋಲ್ಟ್-ಸೆಕೆಂಡಿಗೆ ಸುಮಾರು 417 ಚದರ ಸೆಂಟಿಮೀಟರ್ ಎಂದು ಹೊರಬೀಳುತ್ತದೆ. ನಿರೋಧವೊಂದನ್ನೇ ಅಳೆದಿದ್ದರೆ ಕಣಗಳು ಹಲವಿದ್ದು ನಿಧಾನವೋ, ಕೆಲವಿದ್ದು ಚುರುಕೋ ತಿಳಿಯುತ್ತಿರಲಿಲ್ಲ.

ಈ ಲೆಕ್ಕ ನಿಲ್ಲುವುದು ಒಂದೇ ಬಗೆಯ ವಾಹಕವಿದ್ದಾಗ ಮಾತ್ರ. ರಂಧ್ರಪ್ರಧಾನವಾದ ಜರ್ಮೇನಿಯಮ್ ಬಿಲ್ಲೆಯನ್ನು ಕಾಯಿಸುತ್ತ ಹೋದರೆ ಶಾಖದಿಂದ ಎಲೆಕ್ಟ್ರಾನುಗಳೂ ರಂಧ್ರಗಳೂ ಜೊತೆಜೊತೆಯಾಗಿ ಹುಟ್ಟುತ್ತವೆ. ಎಲೆಕ್ಟ್ರಾನುಗಳು ಹೆಚ್ಚು ಚುರುಕಾದ್ದರಿಂದ, ಸಂಖ್ಯೆಯಲ್ಲಿ ಹಿಂದಿದ್ದರೂ ಒಂದು ಹಂತದಲ್ಲಿ ಅವು ರಂಧ್ರಗಳ ಪರಿಣಾಮವನ್ನು ಸರಿಗಟ್ಟುತ್ತವೆ. ಹಾಲ್ ವೋಲ್ಟೇಜು ಸೊನ್ನೆಗಿಳಿದು, ಆಮೇಲೆ ಚಿಹ್ನೆ ಬದಲಿಸುತ್ತದೆ. ಆ ಸೊನ್ನೆಯನ್ನು ಕಂಡು ಬಿಲ್ಲೆಯಲ್ಲಿ ವಾಹಕಗಳೇ ಇಲ್ಲವೆಂದು ಬರೆದುಕೊಂಡ ವಿದ್ಯಾರ್ಥಿ ತಪ್ಪುತ್ತಾನೆ. ಅಲ್ಲಿ ಮೊದಲಿಗಿಂತ ಹೆಚ್ಚು ಕಣಗಳು ಓಡಾಡುತ್ತಿರುತ್ತವೆ.