‘ಮೈಕ್ರಾನ್ ಪುಡಿ’ ಅಂದರೆ ಎಷ್ಟು ನುಣ್ಣಗೆ? ಒಂದೇ ಕಾಫಿ ಪುಡಿಗೆ ಮೂರು ಅಳತೆ, ಮೂರು ಉತ್ತರ

‘ನಮ್ಮ ಪುಡಿಯಲ್ಲಿ ಶೇ 99ರಷ್ಟು ಕಣಗಳು 100 ಮೈಕ್ರಾನ್‌ಗಿಂತ ಚಿಕ್ಕವು’, ‘ನ್ಯಾನೋ ಪುಡಿ, ದೇಹಕ್ಕೆ ಬೇಗ ಹತ್ತುತ್ತದೆ’ ಎನ್ನುವಂಥ ಮಾತುಗಳು ಪ್ಯಾಕೆಟ್‌ಗಳ ಮೇಲೂ ವಾಟ್ಸಾಪ್ ಫಾರ್ವರ್ಡ್‌ಗಳಲ್ಲೂ ಕಾಣುತ್ತವೆ. ಸಂಖ್ಯೆ ಇದೆ ಎಂದಮೇಲೆ ಯಾರೋ ಅಳೆದಿರಬೇಕು ಎಂದು ನಾವು ನಂಬುತ್ತೇವೆ. ಅಳೆದಿರಲೂಬಹುದು. ಆದರೆ ಪುಡಿಯ ಕಣದ ಗಾತ್ರವನ್ನು ಹೇಗೆ ಅಳೆದರು ಎಂಬುದರ ಮೇಲೆ ಉತ್ತರ ಪೂರ್ತಿ ಬದಲಾಗುತ್ತದೆ. ಯಾರೂ ಸುಳ್ಳು ಹೇಳದೆಯೇ ಒಂದೇ ಪುಡಿಯನ್ನು ‘ತರಿ’ ಎಂದೂ ‘ಧೂಳು’ ಎಂದೂ ತೋರಿಸಲು ಸಾಧ್ಯ.

ಇದನ್ನು ಅರ್ಥ ಮಾಡಿಕೊಳ್ಳಲು ಕಾಫಿ ಪುಡಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಹುರಿದ ಬೀಜವನ್ನು ಬೀಸಿದಾಗ ಎರಡು ಬಗೆಯ ಕಣ ಒಟ್ಟಿಗೇ ಬರುತ್ತವೆ: ನಮಗೆ ಬೇಕಾದ ತರಿ, ಮತ್ತು ಬೀಜ ಒಡೆಯುವಾಗ ತಾನಾಗಿಯೇ ಉದುರುವ ಧೂಳು. ಯಂತ್ರವನ್ನು ಎಷ್ಟೇ ಸರಿಯಾಗಿ ಹೊಂದಿಸಿದರೂ ಈ ಧೂಳು ತಪ್ಪದು. ಫಿಲ್ಟರ್‌ನಲ್ಲಿ ಡಿಕಾಕ್ಷನ್ ಇಳಿಯದೆ ಸತಾಯಿಸಿದರೆ ಹಲವು ಸಲ ಇದೇ ಕಾರಣ. ಧೂಳು ತರಿಗಳ ನಡುವಿನ ಸಂದಿಗಳಲ್ಲಿ ಕೂತು ನೀರಿನ ದಾರಿ ಕಟ್ಟುತ್ತದೆ. ಹಾಗಾಗಿ ಕಾಫಿ ಬೀಸುವವರಿಗೆ ‘ಧೂಳು ಎಷ್ಟಿದೆ’ ಎಂಬುದು ನಿಜವಾಗಿ ಗೊತ್ತಾಗಬೇಕಾದ ವಿಷಯ.

ಲೆಕ್ಕ ಸುಲಭವಾಗಲಿ ಎಂದು ಒಂದು ಪುಡಿಯನ್ನು ಕಲ್ಪಿಸಿಕೊಳ್ಳೋಣ. 100 ಗ್ರಾಂ ಪುಡಿಯಲ್ಲಿ 85 ಗ್ರಾಂ ತರಿ, 15 ಗ್ರಾಂ ಧೂಳು. ಪ್ರತಿ ತರಿಯೂ 500 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರ್ ದಪ್ಪ. ಧೂಳಿನ ಕಣ 50 ಮೈಕ್ರಾನ್. ನಿಜವಾದ ಪುಡಿಯಲ್ಲಿ ಇವೆರಡರ ನಡುವಿನ ಎಲ್ಲ ಗಾತ್ರಗಳೂ ಇರುತ್ತವೆ, ಆದರೆ ವಿಷಯ ತಿಳಿಯಲು ಇಷ್ಟು ಸಾಕು.

ಜರಡಿ ಏನು ಹೇಳುತ್ತದೆ?

ಮೂರರಲ್ಲಿ ಹಳೆಯದು ಮತ್ತು ಅಗ್ಗದ್ದು ಜರಡಿ. ಪ್ರಯೋಗಾಲಯದ ಜರಡಿಯ ತಂತಿ ಬಲೆಯಲ್ಲಿ ಪ್ರತಿ ತೂತಿನ ಅಳತೆಗೂ ನಿಯಮ ಇದೆ. ಭಾರತದಲ್ಲಿ ಐಎಸ್ 460 ಎಂಬ ಮಾನಕ ಇದನ್ನು ಹೇಳುತ್ತದೆ. ದೊಡ್ಡ ತೂತಿನದು ಮೇಲೆ, ಸಣ್ಣ ತೂತಿನದು ಕೆಳಗೆ ಬರುವಂತೆ ಐದಾರು ಜರಡಿಗಳನ್ನು ಒಂದರ ಮೇಲೊಂದು ಜೋಡಿಸುತ್ತಾರೆ. ತಳದಲ್ಲಿ ತೂತಿಲ್ಲದ ತಟ್ಟೆ. ಖಾಲಿ ಇರುವಾಗಲೇ ಪ್ರತಿ ಜರಡಿಯ ತೂಕ ಬರೆದುಕೊಂಡು, ಪುಡಿ ಹಾಕಿ, ಯಂತ್ರದಲ್ಲಿ ಅಲುಗಾಡಿಸಿ, ಮತ್ತೆ ತೂಗುತ್ತಾರೆ. ಯಾವಾಗ ನಿಲ್ಲಿಸಬೇಕು? ಇನ್ನೂ ಒಂದು ನಿಮಿಷ ಅಲುಗಾಡಿಸಿದರೂ ಕೆಳಕ್ಕೆ ಇಳಿಯುವ ಪುಡಿ ಒಟ್ಟು ತೂಕದ ಶೇ 0.1ಕ್ಕಿಂತ ಕಡಿಮೆಯಾದಾಗ, ಎಂಬುದು ರೂಢಿಯಲ್ಲಿರುವ ಒಂದು ಗುರುತು.

ಇಲ್ಲಿ ಸಿಗುವ ಉತ್ತರ ತೂಕದ್ದು. ನಮ್ಮ ಪುಡಿಗೆ ಜರಡಿ ‘ಶೇ 15 ಧೂಳು’ ಎನ್ನಬೇಕು. ಆದರೆ ಕಾಫಿಯಲ್ಲಿ ಎಣ್ಣೆಯಂಶ ಇದೆ. ಧೂಳು ತರಿಗೆ ಅಂಟಿಕೊಂಡು ಮೇಲಿನ ಜರಡಿಯಲ್ಲೇ ಉಳಿದುಬಿಡುತ್ತದೆ. 15 ಗ್ರಾಂ ಧೂಳಿನಲ್ಲಿ 9 ಗ್ರಾಂ ಹೀಗೆ ಉಳಿಯಿತು ಎಂದಿಟ್ಟುಕೊಳ್ಳಿ, ಆಗ ವರದಿ ‘ಶೇ 6 ಧೂಳು’ ಎನ್ನುತ್ತದೆ. ತಮಾಷೆ ಏನೆಂದರೆ ಎಲ್ಲ ಜರಡಿಗಳ ತೂಕ ಕೂಡಿದರೆ ಸರಿಯಾಗಿ 100 ಗ್ರಾಂ ಬರುತ್ತದೆ, ತಪ್ಪು ನಡೆದ ಸುಳಿವೇ ಇರುವುದಿಲ್ಲ. ಹಿಡಿಯುವ ಉಪಾಯ ಸರಳ: ಮೇಲಿನ ಜರಡಿಯ ಒಂದು ಚಿಟಿಕೆ ತರಿಯನ್ನು ಮೈಕ್ರೋಸ್ಕೋಪ್ ಕೆಳಗೆ ಇಟ್ಟು ನೋಡುವುದು. ತರಿಯ ಮೈಮೇಲೆ ಧೂಳು ಅಂಟಿದ್ದರೆ ಕಣ್ಣಿಗೇ ಕಾಣುತ್ತದೆ. ಆಗ ಸ್ವಲ್ಪ ನುಣ್ಣನೆಯ ಸಿಲಿಕಾ ಪುಡಿ ಬೆರೆಸಿ ಜರಡಿ ಹಿಡಿಯುತ್ತಾರೆ, ಇಲ್ಲವೇ ಗಾಳಿಯ ಎಳೆತದಿಂದ ಪುಡಿಯನ್ನು ಕೆಳಕ್ಕೆ ಇಳಿಸುವ ಏರ್ ಜೆಟ್ ಜರಡಿ ಬಳಸುತ್ತಾರೆ.

ಇನ್ನೊಂದು ಮಾತು. ಜರಡಿ ನೋಡುವುದು ಕಣದ ಉದ್ದವನ್ನಲ್ಲ, ಸೊಂಟದ ಸುತ್ತಳತೆಯನ್ನು. 6 ಮಿಲಿಮೀಟರ್ ಉದ್ದದ ಅಕ್ಕಿ ಕಾಳು ನೆಟ್ಟಗೆ ನಿಂತರೆ 2 ಮಿಲಿಮೀಟರ್ ತೂತಿನಲ್ಲೂ ಜಾರಿಹೋಗುತ್ತದಲ್ಲ, ಹಾಗೆ.

ಲೇಸರ್ ಯಂತ್ರ ಏನು ನೋಡುತ್ತದೆ?

ತೆಳು ಮೋಡದ ಹಿಂದೆ ಚಂದ್ರ ಇರುವಾಗ ಅದಕ್ಕೆ ಅಂಟಿದಂತೆ ಒಂದು ಬಣ್ಣದ ಬಳೆ ಕಾಣುವುದುಂಟು. ಮೋಡದ ಹನಿ ಚಿಕ್ಕದಾದಷ್ಟೂ ಆ ಬಳೆ ದೊಡ್ಡದು. ಲೇಸರ್ ಡಿಫ್ರಾಕ್ಷನ್ ಯಂತ್ರ ಇದೇ ತತ್ವದಲ್ಲಿ ನಡೆಯುತ್ತದೆ. ಗಾಳಿಯಲ್ಲೋ ದ್ರವದಲ್ಲೋ ತೇಲುವ ಪುಡಿಯ ಮೇಲೆ ಲೇಸರ್ ಬಿಡುತ್ತಾರೆ. ದೊಡ್ಡ ಕಣ ಬೆಳಕನ್ನು ತುಸುವೇ ಬಾಗಿಸುತ್ತದೆ, ಚಿಕ್ಕ ಕಣ ಅಗಲವಾಗಿ ಚೆದುರಿಸುತ್ತದೆ. ಸುತ್ತ ಇರುವ ಬೆಳಕಿನ ಗ್ರಾಹಕಗಳು ಎಲ್ಲ ಕಣಗಳ ಬಳೆಗಳನ್ನೂ ಒಟ್ಟಿಗೆ ದಾಖಲಿಸುತ್ತವೆ. ಯಾವ ಗಾತ್ರದ ಗುಂಡುಗಳು ಎಷ್ಟೆಷ್ಟು ಇದ್ದರೆ ಇಂಥ ಬಳೆ ಬರುತ್ತದೆ ಎಂದು ಕಂಪ್ಯೂಟರ್ ಹಿಂದಕ್ಕೆ ಲೆಕ್ಕ ಹಾಕುತ್ತದೆ. ಸುಮಾರು 0.1 ಮೈಕ್ರಾನ್‌ನಿಂದ 3 ಮಿಲಿಮೀಟರ್‌ವರೆಗೆ ಈ ವಿಧಾನ ಹಿಡಿಯುತ್ತದೆ, ಅದೂ ನಿಮಿಷಗಳಲ್ಲಿ.

ಗಮನಿಸಿ, ಇದು ಯಾವ ಕಣವನ್ನೂ ‘ನೋಡುವುದಿಲ್ಲ’. ಎಲ್ಲ ಕಣಗಳೂ ಗುಂಡಗಿವೆ ಎಂದುಕೊಂಡು ಲೆಕ್ಕ ಹಾಕುತ್ತದೆ. ಎರಡು ಕಣ ಅಂಟಿಕೊಂಡು ತೇಲಿದರೆ ಒಂದು ದೊಡ್ಡ ಕಣ ಎಂದೇ ಬರೆದುಕೊಳ್ಳುತ್ತದೆ. ವರದಿಯಲ್ಲಿ D50 ಎಂಬ ಸಂಖ್ಯೆ ಇರುತ್ತದೆ. ಪುಡಿಯ ಒಟ್ಟು ಗಾತ್ರದಲ್ಲಿ (ತೂಕದಲ್ಲಿ ಎಂದುಕೊಂಡರೂ ನಡೆಯುತ್ತದೆ) ಅರ್ಧ ಭಾಗ ಈ ಅಳತೆಗಿಂತ ಚಿಕ್ಕ ಕಣಗಳದ್ದು ಎಂದು ಅದರ ಅರ್ಥ. ‘ಅರ್ಧದಷ್ಟು ಕಣಗಳು’ ಎಂದಲ್ಲ, ಈ ವ್ಯತ್ಯಾಸ ಮುಂದೆ ಬೇಕಾಗುತ್ತದೆ.

ಕಾಫಿಗೆ ಲೇಸರ್ ಹೆಚ್ಚು ಒಗ್ಗುತ್ತದೆ, ಏಕೆಂದರೆ ಒತ್ತಡದ ಗಾಳಿಯಿಂದ ಅಂಟಿದ ಧೂಳನ್ನು ಬಿಡಿಸಬಹುದು. ಜರಡಿಗೆ ಶೇ 6 ಎಂದು ಕಂಡ ಧೂಳು ಇಲ್ಲಿ ಶೇ 15ರ ಹತ್ತಿರ ಬರುತ್ತದೆ. ಆದರೆ ಒತ್ತಡ ಹೆಚ್ಚಾದರೆ ತರಿಯೇ ಒಡೆದು ಹೊಸ ಧೂಳು ಹುಟ್ಟಬಹುದು. ಅದಕ್ಕೇ ತಿಳಿದವರು ಒಂದೇ ಒತ್ತಡದಲ್ಲಿ ಅಳೆದು ಸುಮ್ಮನಾಗುವುದಿಲ್ಲ. 1, 2, 3 ಬಾರ್ ಎಂದು ಏರಿಸುತ್ತಾ ನೋಡುತ್ತಾರೆ. ಧೂಳಿನ ಪ್ರಮಾಣ ಮೊದಲು ಏರಿ ಒಂದು ಕಡೆ ನಿಂತರೆ ಅಂಟಿದ್ದು ಬಿಟ್ಟಿದೆ ಎಂದು ತಿಳಿಯಬಹುದು. ನಿಲ್ಲದೆ ಏರುತ್ತಲೇ ಹೋದರೆ ಕಣ ಒಡೆಯುತ್ತಿದೆ ಎಂಬ ಅನುಮಾನ. ನೀರಿನಲ್ಲಿ ತೇಲಿಸಿ ಹೋಲಿಸೋಣ ಎಂದರೆ ಕಾಫಿ ನೀರಿನಲ್ಲಿ ಊದಿಕೊಳ್ಳುತ್ತದೆ, ಒಂದಷ್ಟು ಕರಗಿಯೂ ಹೋಗುತ್ತದೆ.

ಮೈಕ್ರೋಸ್ಕೋಪ್: ಕಣ್ಣಾರೆ ಕಂಡರೂ ಮೋಸ ಹೋಗುವುದು ಹೇಗೆ?

ಮೂರರಲ್ಲಿ ಕಣವನ್ನು ನೇರವಾಗಿ ತೋರಿಸುವುದು ಇದೊಂದೇ. ಆಕಾರ ಕಾಣುತ್ತದೆ, ಅಂಟಿಕೊಂಡಿರುವುದು ಕಾಣುತ್ತದೆ, ಯಾವ ಕಣ ಯಾವುದರದು ಎಂಬುದೂ ಕಾಣುತ್ತದೆ. ಕಾಫಿಯಲ್ಲಿ ಚಿಕೋರಿ ಇದೆಯೇ ಎಂದು ಕೋಶಗಳ ರಚನೆ ನೋಡಿ ಗುರುತಿಸುವುದು ಹಳೆಯ ಪದ್ಧತಿ. ಜರಡಿಗೂ ಲೇಸರ್‌ಗೂ ಚಿಕೋರಿ ಯಾವುದು, ಕಾಫಿ ಯಾವುದು ಎಂಬ ಭೇದವೇ ಇಲ್ಲ. ಹಾಗಾಗಿ ‘ಲೇಸರ್ ಟೆಸ್ಟ್ ಮಾಡಿದ ಶುದ್ಧ ಪುಡಿ’ ಎಂದು ಕಣದ ಗಾತ್ರದ ವರದಿ ತೋರಿಸಿದರೆ ಶುದ್ಧತೆಗೆ ಅದು ಸಾಕ್ಷಿಯಲ್ಲ.

ಆದರೆ ಮೈಕ್ರೋಸ್ಕೋಪ್ ಕೊಡುವುದು ಎಣಿಕೆ. ಇಲ್ಲಿಯೇ ಲೆಕ್ಕ ತಲೆಕೆಳಗಾಗುತ್ತದೆ. ತರಿ ಧೂಳಿಗಿಂತ 10 ಪಟ್ಟು ದಪ್ಪ. ಉದ್ದ, ಅಗಲ, ಎತ್ತರ ಮೂರೂ 10 ಪಟ್ಟು ಎಂದರೆ ತೂಕದಲ್ಲಿ ಒಂದು ತರಿ 1,000 ಧೂಳಿನ ಕಣಗಳಿಗೆ ಸಮ. ನಮ್ಮ ಪುಡಿಯಲ್ಲಿ 85 ತರಿ ಇದ್ದಲ್ಲಿ 15,000 ಧೂಳಿನ ಕಣ ಇರುತ್ತವೆ. ಅಂದರೆ ಎಣಿಸಿದರೆ ಶೇ 99ಕ್ಕೂ ಹೆಚ್ಚು ಕಣಗಳು ಧೂಳು! ತೂಕದ ಲೆಕ್ಕದಲ್ಲಿ ಈ ಪುಡಿಯ ಸರಾಸರಿ ಗಾತ್ರ ಸುಮಾರು 430 ಮೈಕ್ರಾನ್, ಎಣಿಕೆಯ ಲೆಕ್ಕದಲ್ಲಿ ಸುಮಾರು 53 ಮೈಕ್ರಾನ್. ಎರಡೂ ಸತ್ಯ. ಮೊದಲಿಗೆ ಹೇಳಿದ ‘ಶೇ 99ರಷ್ಟು ಕಣಗಳು 100 ಮೈಕ್ರಾನ್‌ಗಿಂತ ಚಿಕ್ಕವು’ ಎಂಬ ಸಾಲನ್ನು ಶೇ 85 ತೂಕ ತರಿಯೇ ಇರುವ ಈ ಪುಡಿಯ ಪ್ಯಾಕೆಟ್ ಮೇಲೂ ಧೈರ್ಯವಾಗಿ ಬರೆಯಬಹುದು.

ಸರಿ, ಎಣಿಕೆಯನ್ನೇ ತೂಕಕ್ಕೆ ತಿರುಗಿಸಿದರೆ ಆಯಿತಲ್ಲ ಎನ್ನಬಹುದು. ಪ್ರಯತ್ನಿಸೋಣ. ಸ್ಲೈಡ್ ಮೇಲೆ 1,000 ಕಣ ಎಣಿಸಿದಿರಿ. ಅದು ಕಡಿಮೆ ಶ್ರಮವೇನಲ್ಲ. ಅವುಗಳಲ್ಲಿ ತರಿ ಇರಬೇಕಾದದ್ದು ಐದೋ ಆರೋ ಮಾತ್ರ. ಅದೃಷ್ಟವಶಾತ್ ಒಂದು ಸ್ಲೈಡ್‌ನಲ್ಲಿ 3 ಬಂದವು, ಇನ್ನೊಂದರಲ್ಲಿ 8. ಇಷ್ಟು ಏರುಪೇರು ತೀರಾ ಸಹಜ. ಮೊದಲ ಸ್ಲೈಡ್ ಪ್ರಕಾರ ಧೂಳು ಶೇ 25, ಎರಡನೆಯದರ ಪ್ರಕಾರ ಶೇ 11. ಪುಡಿ ಒಂದೇ, ಡಬ್ಬಿ ಒಂದೇ. ಐದು ತರಿಗಳು ಅತ್ತಿತ್ತ ಆಗಿದ್ದಕ್ಕೆ ಉತ್ತರ ಎರಡು ಪಟ್ಟಿಗಿಂತ ಹೆಚ್ಚು ಬದಲಾಯಿತು. ಅದರ ಮೇಲೆ, ಚಪ್ಪಟೆ ಕಣಗಳು ಸ್ಲೈಡ್ ಮೇಲೆ ಮಲಗಿಕೊಳ್ಳುವುದರಿಂದ ದಪ್ಪ ಕಾಣುವುದಿಲ್ಲ, ಅಗಲವಷ್ಟೇ ಕಾಣುತ್ತದೆ.

ನನ್ನ ಮಟ್ಟಿಗೆ ಕಾಫಿ ಪುಡಿಗೆ ಹೊಂದುವ ಕ್ರಮ ಹೀಗೆ: ಧೂಳಿನ ಪ್ರಮಾಣಕ್ಕೆ ಲೇಸರ್, ದಿನನಿತ್ಯ ಗಿರಣಿ ಹೊಂದಿಸಲು ಜರಡಿ, ಇವೆರಡೂ ಜಗಳಾಡಿದಾಗ ಕಾರಣ ಹುಡುಕಲು ಮೈಕ್ರೋಸ್ಕೋಪ್. ಮೈಕ್ರೋಸ್ಕೋಪ್ ಒಂದರಿಂದಲೇ ಶೇಕಡಾವಾರು ಹೇಳುವವರನ್ನು ಎಷ್ಟು ಕಣ ಎಣಿಸಿದಿರಿ ಎಂದು ಮೊದಲು ಕೇಳಬೇಕು.

‘ನ್ಯಾನೋ’ ಎಂದು ಬರೆದಿದ್ದರೆ?

ಒಂದು ಮೈಕ್ರಾನ್‌ನಲ್ಲಿ 1,000 ನ್ಯಾನೋಮೀಟರ್. ಐರೋಪ್ಯ ಒಕ್ಕೂಟ 2011ರಲ್ಲಿ ಶಿಫಾರಸು ಮಾಡಿ, 2022ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯ ತಿರುಳು ಹೀಗಿದೆ: ಎಣಿಕೆಯಲ್ಲಿ ಶೇ 50 ಅಥವಾ ಹೆಚ್ಚು ಕಣಗಳು 1ರಿಂದ 100 ನ್ಯಾನೋಮೀಟರ್ ಒಳಗಿದ್ದರೆ ಅದು ನ್ಯಾನೋ ವಸ್ತು. ತೂಕದಲ್ಲಿ ಅಲ್ಲ, ಎಣಿಕೆಯಲ್ಲಿ. ತೀರಾ ಚಿಕ್ಕ ಕಣಗಳು ತಪ್ಪಿಸಿಕೊಳ್ಳಬಾರದು ಎಂಬ ಎಚ್ಚರಿಕೆಯ ದೃಷ್ಟಿಯಿಂದ ನೋಡಿದರೆ ಇದು ಸರಿಯೇ. ಆದರೆ ಇದೇ ಪದವನ್ನು ಗುಣದ ಗುರುತು ಎಂದು ಮಾರುವಾಗ ಅರ್ಥ ಬೇರೆಯಾಗುತ್ತದೆ. ಒಂದು ಪುಡಿಯ ತೂಕದಲ್ಲಿ ಶೇ 99 ಭಾಗ 1 ಮೈಕ್ರಾನ್ ಕಣಗಳು, ಶೇ 1 ಮಾತ್ರ 100 ನ್ಯಾನೋಮೀಟರ್ ಕಣಗಳು ಎಂದುಕೊಳ್ಳಿ. ಹಿಂದಿನ ಲೆಕ್ಕವೇ: 99 ದೊಡ್ಡವಕ್ಕೆ 1,000 ಚಿಕ್ಕವು. ಎಣಿಕೆಯಲ್ಲಿ ಶೇ 91 ನ್ಯಾನೋ! ಚಮಚದಲ್ಲಿ ನಿಮ್ಮ ಬಾಯಿಗೆ ಹೋಗುವುದರಲ್ಲಿ ನ್ಯಾನೋ ಭಾಗ ನೂರರಲ್ಲಿ ಒಂದು.

ಇಷ್ಟು ಚಿಕ್ಕ ಕಣವನ್ನು ಜರಡಿ ಹಿಡಿಯಲಾರದು. ಶೇ 1ರಷ್ಟು ಮಾತ್ರ ಇದ್ದರೆ ಲೇಸರ್ ಅದನ್ನು ಗಮನಿಸದೆಯೂ ಹೋಗಬಹುದು. ಸಾಮಾನ್ಯ ಮೈಕ್ರೋಸ್ಕೋಪ್‌ಗೂ ಕಾಣದು, ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕು. ಆದ್ದರಿಂದ ಮಾರುವವರು ವರದಿ ಕಳಿಸಿದರೆ ಅದರಲ್ಲಿ ಒಂದೇ ಸಾಲು ಹುಡುಕಿ. ಕಾಫಿಯದಾದರೆ ಅದು ಹೀಗಿರುತ್ತದೆ: ‘ಲೇಸರ್ ಡಿಫ್ರಾಕ್ಷನ್, ಒಣ ವಿಧಾನ, 2 ಬಾರ್, ಗಾತ್ರದ ಲೆಕ್ಕದಲ್ಲಿ D50 = 410 ಮೈಕ್ರಾನ್’. ಮೈಕ್ರೋಸ್ಕೋಪ್ ಚಿತ್ರ ಮಾತ್ರ ಇದ್ದು, ಎಷ್ಟು ಕಣ ಎಣಿಸಿದ್ದು, ಶೇಕಡಾ ತೂಕದ್ದೋ ಎಣಿಕೆಯದ್ದೋ ಎಂಬುದು ಇಲ್ಲದಿದ್ದರೆ, ಆ ಪುಡಿ ತೂಕದಲ್ಲಿ ಎಷ್ಟು ನುಣ್ಣಗಿದೆ ಎಂದು ಆ ಕಾಗದದಿಂದ ಹೇಳಲು ಬರುವುದಿಲ್ಲ.