ಅರ್ಧ ಘಳಿಗೆಯ ಅಂತರ: ವರ್ಗಕುಂಡಲಿಗಳ ಸಮೀಕ್ಷೆ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಹಳೆಯ ಜಾತಕಗಳಲ್ಲಿ ಜನನಕಾಲವನ್ನು ಸೂರ್ಯೋದಯದಿಂದ ಎಣಿಸಿದ ಘಳಿಗೆ ವಿಘಳಿಗೆಗಳಲ್ಲಿ ಬರೆಯುತ್ತಿದ್ದರು. ಒಂದು ಘಳಿಗೆಯೆಂದರೆ 24 ನಿಮಿಷ. ಲಗ್ನವು ಸರಾಸರಿ 4 ನಿಮಿಷಕ್ಕೆ ಒಂದು ಭಾಗೆಯಂತೆ ಸರಿಯುವುದರಿಂದ, 3 ಭಾಗೆಗಳ ದಶಾಂಶವೊಂದು ಅರ್ಧ ಘಳಿಗೆಯಲ್ಲಿ ಉದಯಿಸಿ ಮುಗಿಯುತ್ತದೆ. ವರ್ಗಕುಂಡಲಿಗಳ ಬಲವೂ ದೌರ್ಬಲ್ಯವೂ ಈ ಅರ್ಧ ಘಳಿಗೆಯಲ್ಲಿಯೇ ಅಡಗಿವೆ.

ಆರನೆಯ ಶತಮಾನದ ವರಾಹಮಿಹಿರನ ಬೃಹಜ್ಜಾತಕದಲ್ಲಿ ಹೋರೆಯೂ ದ್ರೇಕ್ಕಾಣವೂ ಷಡ್ವರ್ಗದೊಳಗೆ ಸೇರಿವೆ. ಈ ಎರಡು ಶಬ್ದಗಳೂ ಯವನಮೂಲದವು. ಹೋರೆಯು ರಾಶಿಯ ಅರ್ಧಭಾಗ. ಬೆಸರಾಶಿಯಲ್ಲಿ ಮೊದಲರ್ಧ ಸೂರ್ಯನದು, ಸಮರಾಶಿಯಲ್ಲಿ ಚಂದ್ರನದು. ಸಂಪತ್ತನ್ನು ಇದರಿಂದ ಪರಿಶೀಲಿಸುವುದು ರೂಢಿ. ದ್ರೇಕ್ಕಾಣದ ಇತಿಹಾಸ ಇನ್ನಷ್ಟು ಸ್ವಾರಸ್ಯಕರವಾದುದು: 10 ಭಾಗೆಗಳ ಈ ತೃತೀಯಾಂಶಗಳು ಒಟ್ಟು 36 ಆಗುತ್ತವೆ, ವರಾಹಮಿಹಿರನು ಇವಕ್ಕೆ ಒಂದೊಂದು ಸ್ವರೂಪವನ್ನು ವರ್ಣಿಸಿ, ದೇಹಾವಯವಗಳ ವಿಚಾರಕ್ಕೂ ಬಳಸಿದ್ದಾನೆ, ಪರಾಶರನ ಹೆಸರಿನ ಹೋರಾಶಾಸ್ತ್ರದಲ್ಲಿಯಾದರೋ ದ್ರೇಕ್ಕಾಣದಿಂದ ಸಹೋದರರನ್ನು ವಿಚಾರಿಸಬೇಕೆಂದಿದೆ. ಒಂದೇ ವಿಭಾಗಕ್ಕೆ ಕಾಲಾಂತರದಲ್ಲಿ ಬೇರೆ ಪ್ರಯೋಜನ ದೊರೆತುದನ್ನು ಮರೆತು ಓದುವವರು ಎಡವುತ್ತಾರೆ.

ಈ ಶಾಸ್ತ್ರ ಕನ್ನಡಕ್ಕೆ ಬಂದುದು ನಮ್ಮ ನೆರೆಯ ನರಗುಂದದ ಶ್ರೀಧರಾಚಾರ್ಯನು ಚಾಲುಕ್ಯ ಆಹವಮಲ್ಲನ ಕಾಲದಲ್ಲಿ, 1049ರಲ್ಲಿ, ರಚಿಸಿದ ಜಾತಕತಿಲಕದಿಂದ. ವರ್ಗಗಳ ಸಂಖ್ಯೆಯೂ ಬೆಳೆಯಿತು: ಷಡ್ವರ್ಗಕ್ಕೆ ಸಪ್ತಾಂಶ ಸೇರಿ ಸಪ್ತವರ್ಗವಾಯಿತು. ದಶಾಂಶಾದಿಗಳು ಕೂಡಿ ದಶವರ್ಗವಾಯಿತು. ಸಪ್ತಾಂಶವು ಸುಮಾರು 4 ಭಾಗೆ 17 ಕಲೆಗಳಷ್ಟು, ಸಂತಾನವಿಚಾರಕ್ಕೆ. ದಶಾಂಶವು ಉದ್ಯೋಗ, ಕರ್ಮಗಳ ವಿಚಾರಕ್ಕೆ.

ಹಾವೇರಿಯಲ್ಲಿ ಜನಿಸಿದ ಶಿಶುವಿನ ಲಗ್ನ ವೃಷಭದ 10 ಭಾಗೆ 40 ಕಲೆಗಳಲ್ಲಿದೆಯೆಂದು ಭಾವಿಸೋಣ. ಸಮರಾಶಿಯ ಮೊದಲರ್ಧವಾದುದರಿಂದ ಚಂದ್ರಹೋರೆ. ಎರಡನೆಯ ದ್ರೇಕ್ಕಾಣವು ಐದನೆಯ ರಾಶಿಗೆ ಸಲ್ಲುವುದರಿಂದ ಕನ್ಯೆ. ಸಮರಾಶಿಗೆ ಸಪ್ತಾಂಶವನ್ನು ಏಳನೆಯ ರಾಶಿಯಿಂದ ಎಣಿಸಬೇಕಾಗಿ, ವೃಶ್ಚಿಕದಿಂದ ಮೂರನೆಯದು ಮಕರ. ದಶಾಂಶವನ್ನು ಒಂಬತ್ತನೆಯದರಿಂದ ಎಣಿಸಬೇಕಾಗಿ, ಮಕರದಿಂದ ನಾಲ್ಕನೆಯದು ಮೇಷ. ಬೆಸರಾಶಿಯಾಗಿದ್ದರೆ ಇವೆರಡೂ ಅದೇ ರಾಶಿಯಿಂದ ಮೊದಲಾಗುತ್ತಿದ್ದವು. ಈಗ ಜನನಕಾಲವನ್ನು 8 ನಿಮಿಷ ಮುಂದೆ ಬರೆದರೆ ಲಗ್ನ 12 ಭಾಗೆ 40 ಕಲೆಗಳ ಸುಮಾರಿಗೆ ಬರುತ್ತದೆ: ಹೋರೆ, ದ್ರೇಕ್ಕಾಣ, ಸಪ್ತಾಂಶಗಳು ಅಲುಗುವುದಿಲ್ಲ, ದಶಾಂಶ ಮಾತ್ರ ವೃಷಭಕ್ಕೆ ಜಾರುತ್ತದೆ, ಉದ್ಯೋಗದ ಕುಂಡಲಿಯ ಲಗ್ನಾಧಿಪತಿ ಕುಜನ ಬದಲು ಶುಕ್ರನಾಗುತ್ತಾನೆ.

ನಮ್ಮ ಕಡೆ ಇನ್ನೊಂದು ತಪ್ಪಿಗೂ ಎಡೆಯಿದೆ. ಭಾರತೀಯ ಕಾಲಮಾನದ ರೇಖಾಂಶ 82 ಭಾಗೆ 30 ಕಲೆ, ಹಾವೇರಿಯದು ಸುಮಾರು 75 ಭಾಗೆ 24 ಕಲೆ. ಆದುದರಿಂದ ಇಲ್ಲಿನ ಸ್ಥಳೀಯ ಮಧ್ಯಮಕಾಲ ಗಡಿಯಾರಕ್ಕಿಂತ ಸುಮಾರು 28 ನಿಮಿಷ ಹಿಂದೆ. ಈ ಸಂಸ್ಕಾರವನ್ನು ಬಿಟ್ಟು ಕೈಯಿಂದ ಗಣಿಸಿದರೆ ದಶಾಂಶ ಎರಡು ಮನೆಗಳಷ್ಟಾದರೂ ತಪ್ಪುತ್ತದೆ. ಹಾವೇರಿ ರಾಣೆಬೆನ್ನೂರುಗಳ ನಡುವಿನ ಕಾಲಭೇದವಾದರೋ ಸುಮಾರು ಒಂದೇ ನಿಮಿಷ. ಅಂಶಸಂಧಿಯಲ್ಲಲ್ಲದೆ ಅದು ಬಾಧಿಸದು.

ಆದಕಾರಣ, ಹೊತ್ತು ಮೂಡುವಾಗ ಎಂದೋ ದನ ಬರುವ ಹೊತ್ತು ಎಂದೋ ಮಾತ್ರ ಹೇಳಬಲ್ಲ ಮನೆಯ ಜಾತಕದಲ್ಲಿ ರಾಶಿಕುಂಡಲಿಯಲ್ಲಿಯೇ ನಿಲ್ಲುವುದು ಯುಕ್ತ. ಅಂಥ ಜಾತಕದ ದಶಾಂಶವನ್ನು ನೋಡಿ ಯಾರ ಉದ್ಯೋಗವನ್ನೂ ನಿರ್ಣಯಿಸಲಾಗದು.