ಸ್ತ್ರೀವಾದಿ ನೆಲೆ ಸಿದ್ಧಾಂತ

ಸಮಾಜದಲ್ಲಿ ಒಬ್ಬರು ಯಾವ ಸ್ಥಾನದಲ್ಲಿದ್ದಾರೆ ಎಂಬುದು ಅವರು ಏನನ್ನು ತಿಳಿಯಬಲ್ಲರು ಎಂಬುದನ್ನು ರೂಪಿಸುತ್ತದೆ ಎಂದು ಪ್ರತಿಪಾದಿಸುವ ಜ್ಞಾನಮೀಮಾಂಸೆಯ ಸಿದ್ಧಾಂತ. ಸ್ಟ್ಯಾಂಡ್‌ಪಾಯಿಂಟ್ ಸಿದ್ಧಾಂತ ಎಂಬ ಹೆಸರೂ ಬಳಕೆಯಲ್ಲಿದೆ. 1970 ಮತ್ತು 80ರ ದಶಕಗಳಲ್ಲಿ ಡೊರೊಥಿ ಸ್ಮಿತ್, ನ್ಯಾನ್ಸಿ ಹಾರ್ಟ್‌ಸಾಕ್, ಸಾಂಡ್ರಾ ಹಾರ್ಡಿಂಗ್, ಪ್ಯಾಟ್ರಿಷಿಯಾ ಹಿಲ್ ಕಾಲಿನ್ಸ್ ಮೊದಲಾದವರು ಇದನ್ನು ಬೆಳೆಸಿದರು.

ಹಿನ್ನೆಲೆ: ಯಜಮಾನ ಮತ್ತು ದಾಸನ ಸಂಬಂಧ ಕುರಿತ ಹೆಗೆಲ್‌ನ ವಿವೇಚನೆಯಲ್ಲಿ ಇದರ ಬೇರುಗಳಿವೆ. ಬಂಡವಾಳಶಾಹಿ ವ್ಯವಸ್ಥೆಯ ನಿಜಸ್ವರೂಪ ಕಾರ್ಮಿಕವರ್ಗದ ನೆಲೆಯಿಂದ ಸ್ಪಷ್ಟವಾಗುತ್ತದೆ ಎಂಬ ವಾದವನ್ನು ಮಾರ್ಕ್ಸ್‌ವಾದಿ ಚಿಂತಕ ಲೂಕಾಚ್ 1923ರಲ್ಲಿ ಮಂಡಿಸಿದ. ಹಾರ್ಟ್‌ಸಾಕ್ 1983ರ ತನ್ನ ಪ್ರಬಂಧದಲ್ಲಿ ಈ ವಾದವನ್ನು ಹೆಂಗಸರ ದುಡಿಮೆಗೆ ವಿಸ್ತರಿಸಿದಳು. ಡೊರೊಥಿ ಸ್ಮಿತ್ ಸಮಾಜಶಾಸ್ತ್ರದ ಕಡೆಯಿಂದ ಇದೇ ಪ್ರಶ್ನೆಗೆ ಬಂದಳು. ವಿದ್ವಾಂಸನೊಬ್ಬ ಪರಿಕಲ್ಪನೆಗಳ ಲೋಕದಲ್ಲಿ ಮುಳುಗಿರಬೇಕಾದರೆ ಅವನಿಗೆ ಅಡುಗೆ ಮಾಡುವವರು, ಮಕ್ಕಳನ್ನು ನೋಡಿಕೊಳ್ಳುವವರು, ಬರೆದದ್ದನ್ನು ಟೈಪ್ ಮಾಡಿಕೊಡುವವರು ಬೇಕು. ಆ ಕೆಲಸ ಅಚ್ಚುಕಟ್ಟಾಗಿ ನಡೆದಷ್ಟೂ ಅದು ಅವನ ಕಣ್ಣಿಗೆ ಬೀಳುವುದಿಲ್ಲ. ಅವನು ಕಟ್ಟುವ ಶಾಸ್ತ್ರದಲ್ಲೂ ಅದಕ್ಕೆ ಜಾಗವಿರುವುದಿಲ್ಲ. ಕೆಲಸ ಮಾಡುವವಳಿಗಾದರೋ ಎರಡು ಲೋಕಗಳೂ ಗೊತ್ತು.

ಸ್ಥಾನ ಮತ್ತು ನೆಲೆ: ಹೆಣ್ಣಾಗಿ ಹುಟ್ಟಿದ ಮಾತ್ರಕ್ಕೆ ಸತ್ಯ ತಾನಾಗಿ ಗೋಚರಿಸುತ್ತದೆ ಎಂದು ಈ ಸಿದ್ಧಾಂತ ಹೇಳುವುದಿಲ್ಲ. ಸ್ಥಾನವೆಂಬುದು ಇದ್ದಲ್ಲಿ ಇರುವಂಥದು. ನೆಲೆಯನ್ನು ಒಟ್ಟಾಗಿ ಯೋಚಿಸಿ, ಹೋರಾಡಿ ಗಳಿಸಿಕೊಳ್ಳಬೇಕು. ಈ ವ್ಯತ್ಯಾಸ ಅಮೆರಿಕದ ಒಂದು ಪ್ರಕರಣದಲ್ಲಿ ಚೆನ್ನಾಗಿ ಕಾಣುತ್ತದೆ.

ಕಾರ್ಮಿಟಾ ವುಡ್ ಪ್ರಕರಣ: ಕಾರ್ಮಿಟಾ ವುಡ್ ನ್ಯೂಯಾರ್ಕ್ ರಾಜ್ಯದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕಚೇರಿ ಕೆಲಸ ಮಾಡುತ್ತಿದ್ದಳು. ಪ್ರಾಧ್ಯಾಪಕನೊಬ್ಬ ಮತ್ತೆ ಮತ್ತೆ ಮೈಮೇಲೆ ಬೀಳುತ್ತಿದ್ದುದರಿಂದ ಅವಳ ಆರೋಗ್ಯ ಕೆಟ್ಟಿತು. ವರ್ಗಾವಣೆ ಕೇಳಿದಳು, ಸಿಗಲಿಲ್ಲ. ಕೊನೆಗೆ ಕೆಲಸ ಬಿಟ್ಟು ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕಿದಳು. ಕೆಲಸ ಬಿಟ್ಟದ್ದೇಕೆ ಎಂದು ತನಿಖಾಧಿಕಾರಿ ಕೇಳಿದಾಗ ಹೇಗೆ ಹೇಳಬೇಕೆಂದು ಅವಳಿಗೆ ತೋಚಲಿಲ್ಲ. ವೈಯಕ್ತಿಕ ಕಾರಣ ಎಂದಳು. ಅರ್ಜಿ ತಿರಸ್ಕೃತವಾಯಿತು.

1975ರಲ್ಲಿ ಅವಳು ಅಲ್ಲಿ ಹೆಂಗಸರು ಮತ್ತು ದುಡಿಮೆ ಕುರಿತು ಪಾಠ ಮಾಡುತ್ತಿದ್ದ ಲಿನ್ ಫಾರ್ಲಿಯ ನೆರವು ಕೋರಿದಳು. ಹೆಂಗಸರು ಒಂದೆಡೆ ಕುಳಿತು ಮಾತಾಡಿದಾಗ ತಮಗೂ ಇಂಥದೇ ಆಗಿತ್ತೆಂದು ಉಳಿದವರೂ ಹೇಳಿದರು. ಒಬ್ಬೊಬ್ಬರೇ ನಾಚಿಕೆಯಿಂದ ಮುಚ್ಚಿಟ್ಟುಕೊಂಡದ್ದು ಎಲ್ಲರ ಕೆಲಸದ ಜಾಗಗಳಲ್ಲೂ ನಡೆಯುತ್ತಿರುವ ಅನ್ಯಾಯವೆಂದು ಆಗ ತಿಳಿಯಿತು. ಅದಕ್ಕೆ ಲೈಂಗಿಕ ಕಿರುಕುಳ ಎಂಬ ಹೆಸರನ್ನು ಆರಿಸಿಕೊಂಡು ಅವರು ಇಥಾಕಾ ಪಟ್ಟಣದಲ್ಲಿ ಬಹಿರಂಗ ಸಭೆ ನಡೆಸಿದರು. ಪೀಡಿತರ ಸ್ಥಾನದಲ್ಲಿ ವುಡ್ ಮೊದಲಿನಿಂದಲೂ ಇದ್ದಳು, ಆದರೆ ಆ ಅನುಭವದ ಅರ್ಥ ದೊರೆತದ್ದು ಈ ಕೂಟದಲ್ಲಿ. ಪ್ರಾಧ್ಯಾಪಕನಿಗಾಗಲಿ ಅಧಿಕಾರಿಗಾಗಲಿ ಆ ಅರ್ಥವನ್ನು ಹುಡುಕಬೇಕಾದ ಅಗತ್ಯವೇ ಇರಲಿಲ್ಲ. ಭಾರತದಲ್ಲಿ ಇದೇ ಅನ್ಯಾಯದ ವಿರುದ್ಧ ಸುಪ್ರೀಂ ಕೋರ್ಟ್ ವಿಶಾಖಾ ತೀರ್ಪು ನೀಡಿದ್ದು 1997ರಲ್ಲಿ. ಕಾಯ್ದೆ ಬಂದದ್ದು 2013ರಲ್ಲಿ.

ಆಕ್ಷೇಪಗಳು: ಎಲ್ಲ ತಿಳಿವೂ ಸ್ಥಾನಕ್ಕೆ ಬದ್ಧವಾಗಿದ್ದರೆ ಒಂದು ತಿಳಿವು ಇನ್ನೊಂದಕ್ಕಿಂತ ಮೇಲು ಎನ್ನುವುದು ಹೇಗೆ ಎಂಬುದು ಮೊದಲ ಪ್ರಶ್ನೆ. ಹಾರ್ಡಿಂಗ್ ಇದಕ್ಕೆ 'ಬಲವಾದ ವಸ್ತುನಿಷ್ಠತೆ'ಯ ಉತ್ತರ ಕೊಟ್ಟಳು. ಸಂಶೋಧಕರು ತಾವು ಪರೀಕ್ಷಿಸುವ ವಸ್ತುವಿನಂತೆಯೇ ತಮ್ಮ ಸ್ಥಾನವನ್ನೂ ಪೂರ್ವಗ್ರಹವನ್ನೂ ಪರೀಕ್ಷೆಗೆ ಒಡ್ಡಬೇಕು, ಅಂಚಿನಲ್ಲಿರುವವರ ಬದುಕಿನಿಂದ ಪ್ರಶ್ನೆಗಳನ್ನು ಆರಂಭಿಸಬೇಕು ಎಂಬುದು ಅವಳ ವಾದ. ಅಲ್ಲಿ ಹುಟ್ಟುವುದು ಒಳ್ಳೆಯ ಪ್ರಶ್ನೆ. ಉತ್ತರವನ್ನು ಸಾಕ್ಷ್ಯದ ಮೇಲೆಯೇ ತೂಗಬೇಕು.

ಹೆಂಗಸರೆಲ್ಲರ ನೆಲೆ ಒಂದೇ ಆದೀತೇ ಎಂಬುದು ಎರಡನೆಯ ಪ್ರಶ್ನೆ. ಬಿಳಿಯರ ಮನೆಗಳಲ್ಲಿ ದುಡಿದ ಕಪ್ಪು ಹೆಂಗಸರು ಆ ಕುಟುಂಬಗಳ ಒಳಗನ್ನು ಬಲ್ಲವರು, ಆದರೂ ಹೊರಗಿನವರಾಗಿಯೇ ಉಳಿದವರು. ಅವರ ತಿಳಿವು ಬೇರೆಯೇ ಎಂದು ಕಾಲಿನ್ಸ್ 1986ರಲ್ಲಿ ತೋರಿಸಿದಳು. ಭಾರತದಲ್ಲಿ 1995ರಲ್ಲಿ ಗೋಪಾಲ ಗುರು ದಲಿತ ಮಹಿಳೆಯರ ಮಾತು ಏಕೆ ಭಿನ್ನವೆಂದು ಬರೆದರು. ಪುಣೆಯ ಸಮಾಜಶಾಸ್ತ್ರಜ್ಞೆ ಶರ್ಮಿಳಾ ರೇಗೆ 1998ರಲ್ಲಿ ಅದನ್ನು ಮುಂದುವರಿಸಿ ದಲಿತ ಸ್ತ್ರೀವಾದಿ ನೆಲೆಯನ್ನು ಪ್ರತಿಪಾದಿಸಿದರು. ಈ ಭಿನ್ನತೆಯನ್ನು ಒಪ್ಪಿ ಸುಮ್ಮನಾದರೆ ಸಾಲದು, ದಲಿತೇತರ ಸ್ತ್ರೀವಾದಿಗಳೂ ಜಾತಿಯನ್ನು ಕುರಿತು ಕಲಿತು ತಮ್ಮನ್ನು ಬದಲಿಸಿಕೊಳ್ಳಬೇಕು ಎಂಬುದು ಅವರ ನಿಲುವು.

ಹೀಗೆ ಈ ಸಿದ್ಧಾಂತದಲ್ಲಿ ಯಾರ ಮಾತಿಗೂ ಹುಟ್ಟಿನ ಬಲದಿಂದ ಪ್ರಾಮಾಣ್ಯ ಬರುವುದಿಲ್ಲ. ಆದರೆ ಅನ್ಯಾಯ ಉಂಡವರನ್ನು ಕೇಳದೆ ಕಟ್ಟಿದ ಜ್ಞಾನವನ್ನು ಅದು ಪೂರ್ಣವೆಂದು ಒಪ್ಪುವುದೂ ಇಲ್ಲ.